ಸ್ವಿಚ್ ಹಾಕಿದಾಗ ಸ್ಪೀಕರ್ ‘ಧಬ್’ ಎಂದರೆ ಏನರ್ಥ?

ಆಂಪ್ಲಿಫೈಯರ್‌ನ ಸ್ವಿಚ್ ಹಾಕಿದ ಕೂಡಲೇ ಸ್ಪೀಕರ್ ‘ಧಬ್’ ಎನ್ನುತ್ತದೆ ಎಂದು ರಿಪೇರಿ ಅಂಗಡಿಯಲ್ಲಿ ಹೇಳಿ ನೋಡಿ. “ಅದು ಇರುವುದೇ ಹಾಗೆ ಸಾರ್, ಏನೂ ಆಗುವುದಿಲ್ಲ” ಎಂದು ಒಬ್ಬರು ಹೇಳುತ್ತಾರೆ. “ಬೋರ್ಡ್ ಹೋಗಿದೆ, ಬದಲಿಸಬೇಕು” ಎಂದು ಇನ್ನೊಬ್ಬರು ಹೇಳುತ್ತಾರೆ. ಕೆಲವು ಆಂಪ್ಲಿಫೈಯರ್‌ಗಳ ವಿಷಯದಲ್ಲಿ ಮೊದಲನೆಯವರ ಮಾತು ನಿಜ, ಕೆಲವುಗಳ ವಿಷಯದಲ್ಲಿ ಎರಡನೆಯವರದು. ಸದ್ದು ಎಷ್ಟು ಜೋರಾಗಿದೆ ಎನ್ನುವುದನ್ನು ಮಾತ್ರ ಕೇಳಿ ಇದನ್ನು ತೀರ್ಮಾನಿಸಲಾಗುವುದಿಲ್ಲ. ದೊಡ್ಡ ಸದ್ದು ನಿರುಪದ್ರವಿಯಾಗಿರಬಹುದು, ಸಣ್ಣ ಸದ್ದಿನ ಹಿಂದೆ ನಿಜವಾದ ದೋಷ ಇರಬಹುದು. ನೋಡಬೇಕಾದದ್ದು ಆ ಸದ್ದು ಮುಗಿದ ಮೇಲೆ ಸ್ಪೀಕರ್ ತಂತಿಗಳ ನಡುವೆ ಏನು ಉಳಿದಿದೆ ಎನ್ನುವುದನ್ನು.

ಇದು ಅರ್ಥವಾಗಬೇಕಾದರೆ ಒಂದು ಬಿಡಿ ಸ್ಪೀಕರ್ ಮತ್ತು ಒಂದೂವರೆ ವೋಲ್ಟ್‌ನ ಪೆನ್ಸಿಲ್ ಸೆಲ್ ಸಾಕು. ಸೆಲ್ಲಿನ ಪ್ಲಸ್ ತುದಿಯನ್ನು ಸ್ಪೀಕರ್‌ನ ಪ್ಲಸ್ ಟರ್ಮಿನಲ್‌ಗೆ, ಮೈನಸ್ ತುದಿಯನ್ನು ಮೈನಸ್‌ಗೆ ತಂತಿಯಿಂದ ಮುಟ್ಟಿಸಿ. ‘ಟಪ್’ ಎಂಬ ಸದ್ದು ಬರುತ್ತದೆ, ಕೋನ್ ಮುಂದಕ್ಕೆ ಬರುತ್ತದೆ. ತಂತಿ ಮುಟ್ಟಿಕೊಂಡೇ ಇರುವವರೆಗೆ ಕೋನ್ ಮುಂದೆಯೇ ನಿಂತಿರುತ್ತದೆ, ಸದ್ದು ಮಾತ್ರ ಇರುವುದಿಲ್ಲ. ತಂತಿ ತೆಗೆದರೆ ಇನ್ನೊಂದು ‘ಟಪ್’, ಕೋನ್ ತನ್ನ ಜಾಗಕ್ಕೆ ಮರಳುತ್ತದೆ. ಸೆಲ್ಲನ್ನು ತಿರುಗಿಸಿ ಹಿಡಿದರೆ ಕೋನ್ ಒಳಕ್ಕೆ ಹೋಗುತ್ತದೆ. ಸ್ಪೀಕರ್‌ನ ಪ್ಲಸ್ ಯಾವುದು, ಮೈನಸ್ ಯಾವುದು ಎಂದು ಮೆಕ್ಯಾನಿಕ್‌ಗಳು ಪತ್ತೆ ಮಾಡುವುದು ಹೀಗೆಯೇ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಡಿಸಿ, ಅಂದರೆ ಸೆಲ್ಲಿನಿಂದ ಬರುವಂತೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು, ಬಂದಾಗ ಸದ್ದಾಗುತ್ತದೆ, ಹೋದಾಗ ಸದ್ದಾಗುತ್ತದೆ, ಆದರೆ ನಿಂತಿರುವಾಗ ಸದ್ದೇ ಇರುವುದಿಲ್ಲ. ಸ್ಪೀಕರ್ ಸುಡುವುದು ಆ ಸದ್ದಿಲ್ಲದ ಹೊತ್ತಿನಲ್ಲಿ.

ಸಂಗೀತದ ವಿದ್ಯುತ್ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ಕೋನ್ ಹಿಂದೆ ಮುಂದೆ ಓಡಾಡುತ್ತದೆ, ಆ ಓಡಾಟದಿಂದಲೇ ಗಾಳಿ ಆಡಿ ಕೋನ್‌ನ ಹಿಂದೆ ಅಂಟಿಕೊಂಡಿರುವ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಒಂದಿಷ್ಟು ತಣ್ಣಗಾಗುತ್ತದೆ. ಡಿಸಿ ಹರಿದರೆ ಕೋನ್ ಒಂದು ಬದಿಗೆ ಸರಿದು ನಿಲ್ಲುತ್ತದೆ, ಗಾಳಿ ಆಡುವುದಿಲ್ಲ, ಬಂದ ಶಕ್ತಿಯೆಲ್ಲ ಕಾಯಿಲ್‌ನಲ್ಲಿ ಶಾಖವಾಗುತ್ತದೆ. ಹಾಗಾಗಿ ಸ್ವಿಚ್ ಹಾಕಿದಾಗ ಬರುವ ‘ಧಬ್’ ಎಂದರೆ ಒಂದು ಕ್ಷಣದ ಡಿಸಿ. ಅದು ಕ್ಷಣದಲ್ಲೇ ಮುಗಿಯಿತೇ ಅಥವಾ ಅಲ್ಲೇ ನಿಂತಿತೇ ಎಂಬುದು ಪ್ರಶ್ನೆ.

ಹುಟ್ಟಿನಿಂದಲೇ ಬಂದ ಸದ್ದು

ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳಲ್ಲಿ, ಹಾಗೆಯೇ ಒಂದೇ 12 ಅಥವಾ 24 ವೋಲ್ಟ್ ಸಪ್ಲೈನಲ್ಲಿ ನಡೆಯುವ ಅನೇಕ ಅಗ್ಗದ ಬೋರ್ಡ್‌ಗಳಲ್ಲಿ, ಈ ಸದ್ದು ವಿನ್ಯಾಸದೊಳಗೇ ಇದೆ. ಸಪ್ಲೈ ಒಂದೇ ಇರುವುದರಿಂದ ಆಂಪ್ಲಿಫೈಯರ್‌ನ ಔಟ್‌ಪುಟ್ ಯಾವಾಗಲೂ ಅದರ ಅರ್ಧದಲ್ಲಿ, ಅಂದರೆ 24 ವೋಲ್ಟ್‌ಗೆ 12 ವೋಲ್ಟ್‌ನಲ್ಲಿ ಕುಳಿತಿರಬೇಕು. ಸಂಗೀತ ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಆ 12 ವೋಲ್ಟ್ ಸ್ಪೀಕರ್‌ಗೆ ತಲುಪದಿರಲೆಂದು ನಡುವೆ ಒಂದು ದೊಡ್ಡ ಕೆಪಾಸಿಟರ್ ಇಟ್ಟಿರುತ್ತಾರೆ, ಸಾಮಾನ್ಯವಾಗಿ 1000 ಅಥವಾ 2200 ಮೈಕ್ರೋಫ್ಯಾರಡ್‌ನದು. ಸೆಟ್ ತೆರೆದರೆ ಸ್ಪೀಕರ್ ತಂತಿ ಬಂದು ಸೇರುವ ಕಡೆ ಹೆಬ್ಬೆರಳಿನ ಗಾತ್ರದ ಒಂದು ಡಬ್ಬಿ ಕಾಣುತ್ತದೆಯಲ್ಲ, ಅದೇ.

ಸೆಟ್ ಆಫ್ ಇರುವಾಗ ಆ ಕೆಪಾಸಿಟರ್ ಖಾಲಿ. ಸ್ವಿಚ್ ಹಾಕಿದಾಗ ಅದು 12 ವೋಲ್ಟ್‌ವರೆಗೆ ತುಂಬಬೇಕು, ತುಂಬುವ ದಾರಿ ಸ್ಪೀಕರ್‌ನ ಮೂಲಕವೇ ಇರುವುದು. ತುಂಬುವ ಹೊತ್ತಿನಲ್ಲಿ ಹರಿಯುವ ವಿದ್ಯುತ್ತು ಕೋನನ್ನು ಒಮ್ಮೆ ತಳ್ಳುತ್ತದೆ, ಅದೇ ‘ಧಬ್’. 2200 ಮೈಕ್ರೋಫ್ಯಾರಡ್ ಮತ್ತು 8 ಓಮ್ ಸೇರಿದರೆ, ಎಷ್ಟು ಬೇಗ ತುಂಬುತ್ತದೆ ಎಂಬುದನ್ನು ಹೇಳುವ ಕಾಲಮಾನ ಸುಮಾರು 18 ಮಿಲಿಸೆಕೆಂಡ್. ಅದರ ನಾಲ್ಕೈದು ಪಟ್ಟು ಕಾಲದಲ್ಲಿ, ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಎಲ್ಲವೂ ಮುಗಿದುಹೋಗುತ್ತದೆ. ತುಂಬಿದ ಮೇಲೆ ಕೆಪಾಸಿಟರ್ ಡಿಸಿಯನ್ನು ಬಿಡುವುದಿಲ್ಲ, ಕೋನ್ ನಡುವಿಗೆ ಮರಳುತ್ತದೆ.

ಇದರಿಂದ ಸ್ಪೀಕರ್‌ಗೆ ಎಷ್ಟು ಪೆಟ್ಟು? ಆ ಕೆಪಾಸಿಟರ್ ತುಂಬುವಾಗ ಸ್ಪೀಕರ್‌ನಲ್ಲಿ ಶಾಖವಾಗುವ ಶಕ್ತಿ ಹೆಚ್ಚೆಂದರೆ 0.16 ಜೂಲ್. ಕಾಯಿಲ್ ಬೆಚ್ಚಗಾಗಲೂ ಇದು ಸಾಲದು. ಇಂಥ ಸೆಟ್ ಕೊಂಡ ದಿನದಿಂದ ಎರಡೂ ಸ್ಪೀಕರ್‌ಗಳಲ್ಲಿ ಒಂದೇ ಸಮನಾದ ‘ಧಬ್’ ಬರುತ್ತಿದ್ದರೆ, ವರ್ಷಗಳಿಂದ ಅದು ಬದಲಾಗದಿದ್ದರೆ, ನೆಮ್ಮದಿಯಿಂದ ಹಾಡು ಕೇಳಬಹುದು. ಬೋರ್ಡ್ ಬದಲಿಸಿ ಎನ್ನುವವರಿಗೆ ಹಣ ಕೊಡಬೇಕಾಗಿಲ್ಲ.

ಎರಡು ಸಪ್ಲೈ ಇರುವ ಸೆಟ್ಟಿನ ಕಥೆ ಬೇರೆ

ಸ್ವಲ್ಪ ಹೆಚ್ಚು ಶಕ್ತಿಯ ಸೆಟ್‌ಗಳಲ್ಲಿ ಪ್ಲಸ್ ಮತ್ತು ಮೈನಸ್ ಎರಡು ಸಪ್ಲೈ ಇರುತ್ತವೆ. 24-0-24 ಟ್ರಾನ್ಸ್‌ಫಾರ್ಮರ್ ಹಾಕಿದರೆ ಡಯೋಡ್ ಬ್ರಿಡ್ಜ್ ಮತ್ತು ಕೆಪಾಸಿಟರ್ ದಾಟಿದ ಮೇಲೆ ಸುಮಾರು +34 ಮತ್ತು -34 ವೋಲ್ಟ್ ಸಿಗುತ್ತದೆ. ಔಟ್‌ಪುಟ್ ಇವೆರಡರ ನಡುವೆ, ಸೊನ್ನೆಯಲ್ಲಿ ಕುಳಿತಿರುತ್ತದೆ. ಸೊನ್ನೆಯಲ್ಲಿದ್ದ ಮೇಲೆ ತಡೆಯುವ ಕೆಪಾಸಿಟರ್ ಬೇಕಿಲ್ಲ, ಹಾಗಾಗಿ ಸ್ಪೀಕರನ್ನು ನೇರವಾಗಿ ಜೋಡಿಸಿರುತ್ತಾರೆ. ಬಾಸ್ ಚೆನ್ನಾಗಿ ಬರುವುದಕ್ಕೆ ಇದೂ ಒಂದು ಕಾರಣ. ಆದರೆ ಆಂಪ್ಲಿಫೈಯರ್‌ಗೂ ಸ್ಪೀಕರ್‌ಗೂ ನಡುವೆ ಈಗ ಯಾವ ತಡೆಗೋಡೆಯೂ ಇಲ್ಲ.

ಇಲ್ಲಿಯೂ ಸ್ವಿಚ್ ಹಾಕಿದ ಕ್ಷಣದಲ್ಲಿ ಸಣ್ಣ ಸದ್ದು ಬರಬಹುದು. ಎರಡು ಸಪ್ಲೈಗಳು ಒಂದೇ ವೇಗದಲ್ಲಿ ಏರುವುದಿಲ್ಲ, ಒಳಗಿನ ಸಣ್ಣ ಕೆಪಾಸಿಟರ್‌ಗಳು ತುಂಬಿ ಎಲ್ಲವೂ ತಮ್ಮ ಸ್ಥಿತಿಗೆ ಬರಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ಔಟ್‌ಪುಟ್ ಅತ್ತಿತ್ತ ತೂಗಾಡುತ್ತದೆ. ಅದನ್ನು ಸ್ಪೀಕರ್‌ಗೆ ತಲುಪದಂತೆ ಮಾಡಲು ಒಳ್ಳೆಯ ಸೆಟ್‌ಗಳಲ್ಲಿ ರಿಲೇ, ಅಂದರೆ ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್, ಇರುತ್ತದೆ. ಸ್ವಿಚ್ ಹಾಕಿ ಎರಡು ಮೂರು ಸೆಕೆಂಡ್ ಆದ ಮೇಲೆ ಪೆಟ್ಟಿಗೆಯ ಒಳಗಿನಿಂದ ‘ಟಕ್’ ಎಂದು ಕೇಳುತ್ತದಲ್ಲ, ಅದು ರಿಲೇ ಸ್ಪೀಕರನ್ನು ಜೋಡಿಸಿದ ಸದ್ದು. ಆ ‘ಟಕ್’ ಬರುವುದು ಪೆಟ್ಟಿಗೆಯಿಂದಲೇ ಹೊರತು ಸ್ಪೀಕರ್‌ನಿಂದಲ್ಲ, ಅದು ಆರೋಗ್ಯದ ಲಕ್ಷಣ. ಆದರೆ ರಿಲೇ ‘ಟಕ್’ ಎಂದ ಅದೇ ಕ್ಷಣಕ್ಕೆ ಸ್ಪೀಕರ್ ಕೂಡ ‘ಧಬ್’ ಎಂದರೆ ಅನುಮಾನಿಸಬೇಕು. ಅಷ್ಟು ಹೊತ್ತು ಕಾದ ಮೇಲೂ ಔಟ್‌ಪುಟ್ ಸೊನ್ನೆಗೆ ಬಂದಿಲ್ಲ ಎಂದು ಇದರ ಅರ್ಥ.

ಇಂಥ ಸೆಟ್ಟಿನ ಒಂದು ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಯಿತು ಎಂದುಕೊಳ್ಳಿ. ಪೂರ್ತಿ 34 ವೋಲ್ಟ್ ಸ್ಪೀಕರ್ ಮೇಲೆ ಬೀಳುತ್ತದೆ. 8 ಓಮ್ ಎಂದು ಬರೆದಿರುವ ಸ್ಪೀಕರ್‌ನ ಕಾಯಿಲನ್ನು ಮೀಟರ್‌ನಲ್ಲಿ ಅಳೆದರೆ ಸುಮಾರು 6 ಓಮ್ ಬರುತ್ತದೆ. ಲೆಕ್ಕ ಹಾಕಿದರೆ 190 ವ್ಯಾಟ್‌ಗೂ ಹೆಚ್ಚು, ಅಂದರೆ ಪ್ರತಿ ಸೆಕೆಂಡಿಗೆ 190 ಜೂಲ್, ಎಲ್ಲವೂ ಶಾಖ. ಹಿಂದಿನ ಸೆಟ್ಟಿನ 0.16 ಜೂಲ್‌ನ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಕಿವಿಗೆ ಎರಡೂ ‘ಧಬ್’ ಎಂದೇ ಕೇಳಿಸುತ್ತವೆ, ಎರಡನೆಯದರಲ್ಲಿ ಕೆಲವೇ ಸೆಕೆಂಡುಗಳಲ್ಲಿ ವಾರ್ನಿಷ್ ಸುಟ್ಟ ವಾಸನೆ ಬರುತ್ತದೆ.

ಹಾಗಾಗಿ ಮೊದಲು ನೋಡಬೇಕಾದದ್ದು ಕೋನನ್ನು. ಸ್ಪೀಕರ್‌ನ ಜಾಲರಿ ತೆಗೆದು, ಕೋನನ್ನು ಪಕ್ಕದಿಂದ ನೋಡುತ್ತಾ ಇನ್ನೊಬ್ಬರಿಗೆ ಸ್ವಿಚ್ ಹಾಕಲು ಹೇಳಿ. ಕೋನ್ ಒಮ್ಮೆ ಹಾರಿ ಕೂಡಲೇ ಮರಳಿದರೆ ಸರಿ. ಹೊರಗೋ ಒಳಗೋ ಸರಿದು ಅಲ್ಲೇ ನಿಂತರೆ, ಅಥವಾ ‘ಧಬ್’ ಆದ ಮೇಲೆ ಜೋರಾದ ಗುಂಯ್ ಸದ್ದು ಉಳಿದರೆ, ತಕ್ಷಣ ಆಫ್ ಮಾಡಿ. ಇನ್ನೊಮ್ಮೆ ಹಾಕಿ ನೋಡೋಣ ಎನ್ನಬಾರದು. ಕೋನ್ ಹಾರಿದಾಗ ಲೋಹಕ್ಕೆ ಲೋಹ ಬಡಿದಂಥ ‘ಠಣ್’ ಸದ್ದು ಬಂದರೆ ಕಾಯಿಲ್ ಹಿಂದಿನ ತಟ್ಟೆಗೆ ಹೊಡೆಯುತ್ತಿದೆ ಎಂದು ಅರ್ಥ. ಡಿಸಿ ಉಳಿಯದಿದ್ದರೂ ಅದರಿಂದ ಸ್ಪೀಕರ್ ಹಾಳಾಗುತ್ತದೆ.

ಕಣ್ಣಿಗೆ ಕಾಣದ ದೋಷ

ಕೋನ್ ಸರಿದು ನಿಂತದ್ದು ಕಣ್ಣಿಗೆ ಕಾಣಬೇಕಾದರೆ ಒಂದು ವೋಲ್ಟಿನ ಆಸುಪಾಸಿನಷ್ಟಾದರೂ ಡಿಸಿ ಇರಬೇಕು. ಅದಕ್ಕಿಂತ ಕಡಿಮೆ ಇರುವಾಗಲೇ ದೋಷ ಹಿಡಿಯುವುದಕ್ಕೆ ಮೀಟರ್ ಬೇಕು. ನನ್ನ ಬಳಿಗೆ ಬಂದ ಒಂದು ಸೆಟ್ಟಿನ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಎರಡು ಬೇರೆ ಬೇರೆ ಕಾರಣಗಳು ಒಂದೇ ಸದ್ದಿನಲ್ಲಿ ಬೆರೆತಿದ್ದವು.

ಅದು ಟಿಡಿಎ 7294 ಐಸಿಯ ಎರಡು ಬೋರ್ಡ್‌ಗಳನ್ನು ಇಟ್ಟು ಜೋಡಿಸಿದ ಸ್ಟೀರಿಯೋ ಸೆಟ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಕೊಂಡು ಜೋಡಿಸುವವರಿಗೆ ಈ ಐಸಿಯ ಪರಿಚಯ ಇದ್ದೇ ಇರುತ್ತದೆ. ಟ್ರಾನ್ಸ್‌ಫಾರ್ಮರ್ 24-0-24, ರಿಲೇ ಇಲ್ಲ. ಹೊಸದಾಗಿದ್ದಾಗ ಸದ್ದೇ ಇರಲಿಲ್ಲ, ಈಚೆಗೆ ‘ಧಬ್’ ಶುರುವಾಗಿ ದಿನೇ ದಿನೇ ಜೋರಾಗುತ್ತಿದೆ, ಎಡಗಡೆಯದು ಹೆಚ್ಚು ಎಂಬುದು ದೂರು. ಇಷ್ಟು ಮಾತಿನಲ್ಲೇ ಅರ್ಧ ಉತ್ತರವಿದೆ. ಮೊದಲು ಇಲ್ಲದ್ದು ಈಗ ಬಂದರೆ ಅದು ವಿನ್ಯಾಸದ ಗುಣವಲ್ಲ, ಯಾವುದೋ ಬಿಡಿಭಾಗ ಬದಲಾಗಿದೆ. ಎರಡೂ ಬದಿಗೆ ಒಂದೇ ಸಪ್ಲೈ ಇರುವಾಗ ಒಂದೇ ಬದಿಯಲ್ಲಿ ಹೆಚ್ಚಿದ್ದರೆ ಕಾರಣ ಆ ಬದಿಯ ಬೋರ್ಡ್‌ನಲ್ಲೇ ಇರುವ ಸಾಧ್ಯತೆ ಹೆಚ್ಚು.

ಮೊದಲು ವಾಲ್ಯೂಮನ್ನು ಪೂರ್ತಿ ಸೊನ್ನೆಗೆ ಇಳಿಸಿ ಸ್ವಿಚ್ ಹಾಕಿದೆ, ಸದ್ದು ಅಷ್ಟೇ ಇತ್ತು. ಇದು ಮನೆಯಲ್ಲೇ ಮಾಡಬಹುದಾದ ಅತ್ಯಂತ ಉಪಯುಕ್ತ ಪರೀಕ್ಷೆ. ವಾಲ್ಯೂಮ್ ಇಳಿಸಿದಾಗ ‘ಧಬ್’ ಕಡಿಮೆಯಾದರೆ ಅದು ವಾಲ್ಯೂಮ್‌ಗಿಂತ ಹಿಂದಿನಿಂದ, ಅಂದರೆ ಪ್ರಿಆಂಪ್, ಬ್ಲೂಟೂತ್ ಬೋರ್ಡ್ ಅಥವಾ ಟಿವಿಯಿಂದ ಬರುತ್ತಿದೆ. ಕಡಿಮೆಯಾಗದಿದ್ದರೆ ಮುಂದಿನ ಪವರ್ ಆಂಪ್ಲಿಫೈಯರ್‌ನಲ್ಲಿದೆ. ಆಮೇಲೆ ಸೆಟ್ ಆಫ್ ಮಾಡಿ ಎಡಬಲದ ಸ್ಪೀಕರ್ ತಂತಿಗಳನ್ನು ಅದಲು ಬದಲು ಮಾಡಿದೆ. ಜೋರಾದ ಸದ್ದು ಇನ್ನೊಂದು ಸ್ಪೀಕರ್‌ಗೆ ಹೋಯಿತು. ಸ್ಪೀಕರ್ ನಿರಪರಾಧಿ ಎಂದಾಯಿತು.

ನಂತರ ಸ್ಪೀಕರ್‌ಗಳನ್ನು ತೆಗೆದು, ಇನ್‌ಪುಟ್ ಕೇಬಲ್ ಬಿಚ್ಚಿ, ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು ಟರ್ಮಿನಲ್‌ಗಳ ನಡುವೆ ಅಳೆದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಹಳದಿ ಮೀಟರ್ ಸಾಕು. ಮೊದಲು 200 ವೋಲ್ಟ್ ರೇಂಜ್‌ನಲ್ಲಿ ನೋಡಿ, ಕಡಿಮೆ ಇದ್ದರೆ 2000 ಮಿಲಿವೋಲ್ಟ್ ರೇಂಜ್‌ಗೆ ಇಳಿಸಬೇಕು. ಬಲಗಡೆ 12 ಮಿಲಿವೋಲ್ಟ್, ಎಡಗಡೆ 310 ಮಿಲಿವೋಲ್ಟ್. ಸಾಮಾನ್ಯವಾಗಿ 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ, 100 ದಾಟಿದರೆ ಕಾರಣ ಹುಡುಕಬೇಕು ಎಂಬುದು ನಾನು ಅನುಸರಿಸುವ ಲೆಕ್ಕ. 310 ಮಿಲಿವೋಲ್ಟ್‌ನಿಂದ 6 ಓಮ್ ಕಾಯಿಲ್‌ನಲ್ಲಿ ಸುಮಾರು 50 ಮಿಲಿಆಂಪಿಯರ್ ಹರಿಯುತ್ತದೆ, ಶಾಖ ಸೆಕೆಂಡಿಗೆ 0.016 ಜೂಲ್. ಸ್ಪೀಕರ್ ಇದರಿಂದ ಸುಡುವುದಿಲ್ಲ, ಕೋನ್ ಸರಿದದ್ದೂ ಕಣ್ಣಿಗೆ ಕಾಣುವುದಿಲ್ಲ. ಆದರೆ ಒಂದು ಬದಿ ಇನ್ನೊಂದರ ಇಪ್ಪತ್ತೈದು ಪಟ್ಟು ಇದೆ ಎಂದರೆ ಅಲ್ಲೇನೋ ಕೆಟ್ಟಿದೆ.

ಕೆಟ್ಟದ್ದು ಫೀಡ್‌ಬ್ಯಾಕ್ ದಾರಿಯ, ಅಂದರೆ ಔಟ್‌ಪುಟ್‌ನ ಒಂದು ಪಾಲನ್ನು ಒಳಕ್ಕೆ ಮರಳಿಸುವ ದಾರಿಯ, 22 ಮೈಕ್ರೋಫ್ಯಾರಡ್‌ನ ಪುಟ್ಟ ಕೆಪಾಸಿಟರ್. ಈ ಐಸಿಯ ಸಾಮಾನ್ಯ ಸರ್ಕ್ಯೂಟ್‌ನಲ್ಲಿ 22 ಕಿಲೋಓಮ್ ಮತ್ತು 680 ಓಮ್ ರೆಸಿಸ್ಟರ್‌ಗಳು ಸೇರಿ ಸಂಗೀತವನ್ನು ಸುಮಾರು 33 ಪಟ್ಟು ಹಿಗ್ಗಿಸುತ್ತವೆ. 680 ಓಮ್‌ನ ಕೆಳಗೆ ಈ ಕೆಪಾಸಿಟರ್ ಇರುತ್ತದೆ. ಅದು ಡಿಸಿಯನ್ನು ಬಿಡದ ಕಾರಣ ಡಿಸಿಯ ಮಟ್ಟಿಗೆ ಆಂಪ್ಲಿಫೈಯರ್ ಹಿಗ್ಗಿಸುವುದೇ ಇಲ್ಲ, ಒಳಗೆ ಸಹಜವಾಗಿ ಇರುವ ಹತ್ತು ಹನ್ನೆರಡು ಮಿಲಿವೋಲ್ಟ್ ಹೊರಗೂ ಅಷ್ಟೇ ಇರುತ್ತದೆ. ಕೆಪಾಸಿಟರ್ ಸೋರತೊಡಗಿದರೆ ಆ ಸಹಜ ಮಿಲಿವೋಲ್ಟ್‌ಗಳೂ ಸಂಗೀತದಂತೆಯೇ ಹಿಗ್ಗುತ್ತವೆ. ಈ ಸೆಟ್ಟಿನಲ್ಲಿ ಆ ಕೆಪಾಸಿಟರ್ ಹೀಟ್‌ಸಿಂಕ್‌ಗೆ ಅಂಟಿಕೊಂಡಂತೆ ಕುಳಿತಿತ್ತು, ವರ್ಷಗಟ್ಟಲೆ ಬೆಂದಿತ್ತು. ಬಿಚ್ಚಿ ಓಮ್ ರೇಂಜ್‌ನಲ್ಲಿ ಅಳೆದೆ. ಒಳ್ಳೆಯ ಕೆಪಾಸಿಟರ್ ಆದರೆ ಅಂಕಿ ಏರುತ್ತಾ ಹೋಗಿ ರೇಂಜ್ ದಾಟುತ್ತದೆ, ಇದು 150 ಓಮ್ ಸುಮಾರಿಗೆ ನಿಂತುಬಿಟ್ಟಿತು. ಆ 150 ಓಮ್ ಸೇರಿಸಿ ಲೆಕ್ಕ ಮಾಡಿದರೆ ಡಿಸಿ ಸುಮಾರು 27 ಪಟ್ಟು ಹಿಗ್ಗುತ್ತದೆ, 11 ಮಿಲಿವೋಲ್ಟ್ 300ರ ಆಸುಪಾಸಿಗೆ ಹೋಗುತ್ತದೆ. ಮೀಟರ್ ತೋರಿಸಿದ್ದೂ ಅದನ್ನೇ. ಹೊಸದನ್ನು ಹಾಕಿದ ಮೇಲೆ ಎಡಗಡೆಯದೂ 11 ಮಿಲಿವೋಲ್ಟ್‌ಗೆ ಇಳಿಯಿತು.

ಸ್ಪೀಕರ್ ಜೋಡಿಸಿ ಹಾಕಿದರೆ ಎರಡೂ ಬದಿ ಸಮವಾಗಿದ್ದವು, ಆದರೆ ಎರಡರಲ್ಲೂ ಇನ್ನೂ ‘ಧಬ್’ ಇತ್ತು. ಇದು ಎರಡನೆಯ ಕಾರಣ. ಈ ಐಸಿಯಲ್ಲಿ ಸ್ಟ್ಯಾಂಡ್‌ಬೈ ಮತ್ತು ಮ್ಯೂಟ್ ಎಂಬ ಎರಡು ಪಿನ್‌ಗಳಿವೆ. ಪ್ರತಿ ಪಿನ್‌ಗೂ ಒಂದು ರೆಸಿಸ್ಟರ್, ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಆ ಕೆಪಾಸಿಟರ್ ನಿಧಾನವಾಗಿ ತುಂಬುವವರೆಗೆ ಐಸಿ ಬಾಯಿ ಮುಚ್ಚಿಕೊಂಡಿರುತ್ತದೆ, ಅಷ್ಟರಲ್ಲಿ ಉಳಿದದ್ದೆಲ್ಲ ನೆಲೆಗೆ ಬರಲಿ ಎಂಬುದು ಉದ್ದೇಶ. 22 ಕಿಲೋಓಮ್ ಮತ್ತು 10 ಮೈಕ್ರೋಫ್ಯಾರಡ್ ಸೇರಿದರೆ ಕಾಲಮಾನ 0.22 ಸೆಕೆಂಡ್. ಇವು ಒಣಗಿ ಮೂರು ಮೈಕ್ರೋಫ್ಯಾರಡ್‌ಗೆ ಇಳಿದಿದ್ದವು, ಕಾಯುವ ಕಾಲವೂ ಮೂರನೆಯ ಒಂದು ಭಾಗಕ್ಕೆ ಇಳಿದಿತ್ತು. ಎರಡೂ ಬೋರ್ಡ್‌ಗಳಲ್ಲಿ 105 ಡಿಗ್ರಿ ಎಂದು ಮೈಮೇಲೆ ಬರೆದಿರುವ ಹೊಸ ಕೆಪಾಸಿಟರ್‌ಗಳನ್ನು ಹಾಕಿದ ಮೇಲೆ ಕಿವಿ ಹತ್ತಿರ ಇಟ್ಟರೆ ಮಾತ್ರ ಕೇಳುವ ‘ಟಪ್’ ಉಳಿಯಿತು. ಖರ್ಚು ಕೆಲವೇ ರೂಪಾಯಿ. ಕೆಲವು ರಿಪೇರಿಯವರು ಹೇಳುವಂತೆ ಬೋರ್ಡ್ ಬದಲಿಸಿದ್ದರೂ ಸದ್ದು ಹೋಗುತ್ತಿತ್ತು ನಿಜ, ಆದರೆ ಹೊಸ ಬೋರ್ಡ್‌ನ ಕೆಪಾಸಿಟರ್‌ಗಳೂ ಅದೇ ಹೀಟ್‌ಸಿಂಕ್ ಪಕ್ಕದಲ್ಲಿ ಬೇಯುತ್ತಿದ್ದವು.

ಇದೇ ಕಾಯುವ ಕೆಪಾಸಿಟರ್‌ಗಳಿಂದ ಇನ್ನೊಂದು ವಿಷಯ ಅರ್ಥವಾಗುತ್ತದೆ. ಕರೆಂಟ್ ಹೋಗಿ ಒಂದೆರಡು ಸೆಕೆಂಡ್‌ನಲ್ಲೇ ಬಂದರೆ ಕೆಲವು ಸೆಟ್‌ಗಳು ಎಂದಿಗಿಂತ ಜೋರಾಗಿ ‘ಧಬ್’ ಎನ್ನುತ್ತವೆ. ಆ ಕೆಪಾಸಿಟರ್ ಇನ್ನೂ ಖಾಲಿಯಾಗಿರುವುದಿಲ್ಲ, ಹಾಗಾಗಿ ಈ ಬಾರಿ ಕಾಯುವಿಕೆಯೇ ನಡೆಯುವುದಿಲ್ಲ. ಇದು ದೋಷವಲ್ಲ. ಕರೆಂಟ್ ಹೋದಾಗ ಸ್ವಿಚ್ ಆಫ್ ಮಾಡಿ, ಬಂದ ಮೇಲೆ ಅರ್ಧ ನಿಮಿಷ ಬಿಟ್ಟು ಹಾಕಿದರೆ ಸರಿಹೋಗುತ್ತದೆ. ಮಿಕ್ಸರ್ ಅಥವಾ ಪ್ರತ್ಯೇಕ ಪ್ರಿಆಂಪ್ ಇರುವವರು ಹಾಕುವಾಗ ಪವರ್ ಆಂಪ್ಲಿಫೈಯರನ್ನು ಕೊನೆಯಲ್ಲಿ, ಆರಿಸುವಾಗ ಮೊದಲಲ್ಲಿ ಮುಟ್ಟಬೇಕು. ಇಲ್ಲದಿದ್ದರೆ ಮಿಕ್ಸರ್‌ನ ಸಣ್ಣ ‘ಟಪ್’ ಮೂವತ್ತು ಪಟ್ಟು ಹಿಗ್ಗಿ ಸ್ಪೀಕರ್‌ಗೆ ಬಡಿಯುತ್ತದೆ.

ಅಳೆಯುವ ಮೊದಲು

ಪೆಟ್ಟಿಗೆಯ ಮುಚ್ಚಳ ತೆಗೆಯದೆ ಹಿಂಭಾಗದ ಟರ್ಮಿನಲ್‌ನಲ್ಲಿ ಅಳೆಯುವುದು ಯಾರಾದರೂ ಮಾಡಬಹುದಾದ ಕೆಲಸ. ಮೀಟರ್‌ನ ಎರಡು ಕಡ್ಡಿಗಳನ್ನೂ ಅದೇ ಸ್ಪೀಕರ್‌ನ ಎರಡು ಟರ್ಮಿನಲ್‌ಗಳಿಗೆ ಹಿಡಿಯಬೇಕು, ಕಪ್ಪು ಕಡ್ಡಿಯನ್ನು ಪೆಟ್ಟಿಗೆಯ ಲೋಹಕ್ಕೆ ಹಿಡಿಯಬಾರದು. ಕಾರಿನ ಸ್ಟೀರಿಯೋ ಮತ್ತು ಈಗಿನ ಪುಟ್ಟ ಡಿಜಿಟಲ್ ಬೋರ್ಡ್‌ಗಳಲ್ಲಿ ಸ್ಪೀಕರ್‌ನ ಎರಡೂ ತಂತಿಗಳು ಸಪ್ಲೈನ ಅರ್ಧದಲ್ಲಿ ಕುಳಿತಿರುವುದು ಸಾಮಾನ್ಯ. ಲೋಹಕ್ಕೆ ಹಿಡಿದು ಅಳೆದರೆ 6 ವೋಲ್ಟ್ ಕಂಡು ಸುಮ್ಮನೆ ಗಾಬರಿಯಾಗುತ್ತದೆ. ಔಟ್‌ಪುಟ್‌ನಲ್ಲಿ ದೊಡ್ಡ ಕೆಪಾಸಿಟರ್ ಇರುವ ಹಳೆಯ ಸೆಟ್ಟಿನಲ್ಲಿ ಸ್ಪೀಕರ್ ತೆಗೆದು ಅಳೆದರೂ ಮೀಟರ್ ಸುಳ್ಳು ವೋಲ್ಟೇಜ್ ತೋರಿಸಬಹುದು, ಏಕೆಂದರೆ ಕೆಪಾಸಿಟರ್ ತುಂಬಲು ದಾರಿಯಿಲ್ಲ. ಟರ್ಮಿನಲ್‌ಗಳ ನಡುವೆ 1 ಕಿಲೋಓಮ್ ರೆಸಿಸ್ಟರ್ ಇಟ್ಟು ಹದಿನೈದು ಸೆಕೆಂಡ್ ಬಿಟ್ಟು ನೋಡಿದರೆ ನಿಜ ತಿಳಿಯುತ್ತದೆ. ಆಗಲೂ ವೋಲ್ಟ್‌ಗಟ್ಟಲೆ ಉಳಿದಿದ್ದರೆ ಆ ಕೆಪಾಸಿಟರ್ ಸೋರುತ್ತಿದೆ.

ಮುಚ್ಚಳ ತೆಗೆಯುವುದು ಅನುಭವ ಇರುವವರ ಕೆಲಸ. ಪ್ಲಗ್ ಕಿತ್ತ ಮೇಲೂ ಸಪ್ಲೈನ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸಿ ಖಾಲಿ ಮಾಡುವ ಪದ್ಧತಿ ಅಪಾಯಕಾರಿ. 1 ಕಿಲೋಓಮ್, 5 ವ್ಯಾಟ್‌ನ ರೆಸಿಸ್ಟರನ್ನು ಒಂದು ನಿಮಿಷ ಹಿಡಿದು, ಆಮೇಲೆ ಮೀಟರ್‌ನಿಂದ ಖಚಿತಪಡಿಸಿಕೊಳ್ಳಬೇಕು. ಔಟ್‌ಪುಟ್ ಶಾರ್ಟ್ ಆಗಿರುವ ಅನುಮಾನವಿದ್ದರೆ ನೇರವಾಗಿ ಕರೆಂಟ್ ಕೊಡದೆ 60 ವ್ಯಾಟ್‌ನ ಹಳೆಯ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಕೊಡಬೇಕು. ಬಲ್ಬ್ ಒಮ್ಮೆ ಹೊಳೆದು ಮಂದವಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ.

ಎರಡು ಸಪ್ಲೈನ ಸೆಟ್ಟಿಗೆ ರಿಲೇ ಇಲ್ಲದಿದ್ದರೆ ಒಂದು ಸ್ಪೀಕರ್ ಪ್ರೊಟೆಕ್ಷನ್ ಬೋರ್ಡ್ ಹಾಕಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದು ಮೊದಲ ಕೆಲವು ಸೆಕೆಂಡ್ ಸ್ಪೀಕರನ್ನು ದೂರ ಇಡುತ್ತದೆ, ಯಾವಾಗಲಾದರೂ ವೋಲ್ಟ್‌ಗಟ್ಟಲೆ ಡಿಸಿ ಬಂದರೆ ಕತ್ತರಿಸುತ್ತದೆ. ಆದರೆ 310 ಮಿಲಿವೋಲ್ಟ್‌ನಂಥ ಸಣ್ಣ ಸೋರಿಕೆಯನ್ನು ಅದು ಹಿಡಿಯುವುದಿಲ್ಲ, ಸುಮ್ಮನೆ ಜೋಡಿಸಿಬಿಡುತ್ತದೆ. ಹಾಗಾಗಿ ಬೋರ್ಡ್ ಹಾಕುವ ಮೊದಲು ಒಮ್ಮೆ ಅಳೆಯಬೇಕು. ಹಾಕಿದ ಮೇಲೆ ಅಳೆಯುವುದಾದರೆ ರಿಲೇಯ ಆಂಪ್ಲಿಫೈಯರ್ ಬದಿಯಲ್ಲಿ ಅಳೆಯಬೇಕು. ರಿಲೇ ಜೋಡಿಸಲು ನಿರಾಕರಿಸಿದ್ದರೆ ಸ್ಪೀಕರ್ ಬದಿಯಲ್ಲಿ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ, ಒಳಗೆ 34 ವೋಲ್ಟ್ ಕಾದು ಕುಳಿತಿದ್ದರೂ.